ರಫ್ ಕಟ್ ನೋಡಿದವರೆಲ್ಲ ಒಂದೇ ಸೀನ್ ಕತ್ತರಿಸಿ ಅಂತಿದ್ದಾರೆ

ಪ್ರಶ್ನೆ (ಕೊಪ್ಪಳ, ಮೊದಲ ಸಿನಿಮಾ ಮಾಡುತ್ತಿರುವವನು):
ನಮ್ಮ ಸಿನಿಮಾದ ರಫ್ ಕಟ್ 1 ಗಂಟೆ 52 ನಿಮಿಷ ಇದೆ. ಬೆಂಗಳೂರಿನಿಂದ ಬಂದ ಮಗ ಗಂಗಾವತಿ ಕಡೆಯ ಗದ್ದೆ ಮಾರಲು ಹೊರಡುತ್ತಾನೆ, ಅಮ್ಮ ಸಹಿ ಹಾಕಲ್ಲ, ಇದು ಕಥೆ. ಭಾನುವಾರ ಒಂದು ಟ್ಯೂಷನ್ ಹಾಲ್‌ನಲ್ಲಿ ಪ್ರೊಜೆಕ್ಟರ್ ಇಟ್ಟು 14 ಜನರಿಗೆ ತೋರಿಸಿದೆ. 71ನೇ ನಿಮಿಷಕ್ಕೆ ಬರುವ ಪಂಚಾಯ್ತಿ ಸೀನ್ ಉದ್ದ ಆಯ್ತು, ಕತ್ತರಿಸಿ ಅಂತ 9 ಜನ ಹೇಳಿದರು. ಅದು ಏಳು ನಿಮಿಷ ಇದೆ. ಇಡೀ ಸಿನಿಮಾದಲ್ಲಿ ನನಗೆ ಅದೇ ಇಷ್ಟ. ಇನ್ನೊಂದು, ಕೊನೆಯಲ್ಲಿ ಅಮ್ಮ ಅಳುವಾಗ ನಾಲ್ಕೈದು ಜನ ನಕ್ಕರು. ಏನು ಮಾಡಲಿ?

ಎಡಿಟರ್ (ಬಳ್ಳಾರಿ):
ಸದ್ಯಕ್ಕೆ ಆ ಸೀನ್ ಮುಟ್ಟಬೇಡಿ. ಮೊದಲು ಮೂರು ವಿಷಯ ಹೇಳಿ. ಬಂದ 14 ಜನ ಯಾರು? ಮುಗಿದ ಮೇಲೆ ಮೊದಲು ಮಾತಾಡಿದ್ದು ಯಾರು? ಮತ್ತೆ ನೀವು ಕೇಳಿದ ಮೊದಲ ಪ್ರಶ್ನೆ ಏನು?

ಒಂಬತ್ತು ಜನ ಒಂದೇ ಮಾತು ಹೇಳಿದರೆ ಅದು ಒಂಬತ್ತು ಅಭಿಪ್ರಾಯ ಆಗಿರಬಹುದು. ಒಬ್ಬರ ಅಭಿಪ್ರಾಯಕ್ಕೆ ಎಂಟು ಜನ ತಲೆ ಆಡಿಸಿದ್ದೂ ಆಗಿರಬಹುದು. ನಮ್ಮ ಕಡೆ ಎರಡನೆಯದೇ ಜಾಸ್ತಿ.

ಮದುವೆ ವಿಡಿಯೋ ಎಡಿಟರ್ (ಸಿಂಧನೂರು):
ಅಷ್ಟೆಲ್ಲ ಯಾಕೆ ಮೇಡಂ? ಸುಲಭ ದಾರಿ ಇದೆ. ಹತ್ತಕ್ಕೆ ಎಷ್ಟು ಮಾರ್ಕ್ಸ್ ಅಂತ ಪ್ರತಿ ಸೀನ್‌ಗೂ ಕೇಳಿ, ಕಡಿಮೆ ಬಂದಿದ್ದನ್ನು ತೆಗೆಯಿರಿ. ಜೊತೆಗೆ ಯಾವಾಗ ಮೊಬೈಲ್ ತೆಗೆದರು ಅಂತ ನೋಡಿ. ಮೊಬೈಲ್ ಬೆಳಕು ಕಂಡಿತು ಅಂದರೆ ಸೀನ್ ಸತ್ತಿತು ಅಂತಲೇ ಲೆಕ್ಕ.

ಎಡಿಟರ್ (ಬಳ್ಳಾರಿ):
ಮೊಬೈಲ್ ನೋಡಬೇಕು ಅನ್ನೋದು ಸರಿ. ಆದರೆ ಒಂದು ಮೊಬೈಲ್‌ಗೆ ಬೆಲೆ ಇಲ್ಲ. ಒಂದು ಸಲ ಸಿರುಗುಪ್ಪದ ಹತ್ತಿರ ಒಂದು ರಫ್ ಕಟ್ ತೋರಿಸುತ್ತಿದ್ದೆವು. ಒಳ್ಳೆ ಬಿಗಿಯಾದ ಸೀನ್, ಮುಂದಿನ ಸಾಲಿನವರು ಮೊಬೈಲ್ ತೆಗೆದು ಎದ್ದೇ ಹೋದರು. ನಿರ್ದೇಶಕರ ಮುಖ ಬಾಡಿತು. ಆಮೇಲೆ ಗೊತ್ತಾಯಿತು, ತ್ರೀ ಫೇಸ್ ಕರೆಂಟ್ ಬಂತು ಅಂತ ಮನೆಯಿಂದ ಮೆಸೇಜ್ ಬಂದಿತ್ತಂತೆ. ಮೋಟರ್ ಆನ್ ಮಾಡಲು ಹೋಗಿದ್ದರು. ಒಂದೇ ನಿಮಿಷದಲ್ಲಿ ಮೂರು ಕಡೆ ಬೆಳಕು ಹೊತ್ತಿದರೆ ಮಾತ್ರ ನಾನು ಬರೆದುಕೊಳ್ಳುತ್ತೇನೆ.

ಮಾರ್ಕ್ಸ್ ಮಾತ್ರ ನಾನು ಕೇಳಲ್ಲ. 14 ಜನರ ಸರಾಸರಿ ಯಾವುದಕ್ಕೂ ಬರಲ್ಲ. ಒಬ್ಬರು ಬರದೇ ಹೋಗಿದ್ದರೆ ಲೆಕ್ಕ ಬದಲಾಗುತ್ತಿತ್ತು. ಇಷ್ಟು ಸಣ್ಣ ಗುಂಪು ತೋರಿಸಿಕೊಡುವುದು ಜಾಗವನ್ನು, ಅಂದರೆ ಎಲ್ಲಿ ಎಡವಿದರು ಅನ್ನೋದನ್ನು.

ಥಿಯೇಟರ್ ಆಪರೇಟರ್ (ರಾಯಚೂರು):
ಅಣ್ಣಾ, ಟೆಸ್ಟ್ ಸ್ಕ್ರೀನಿಂಗ್ ಮಾಡೋದಿದ್ದರೆ ಟ್ಯೂಷನ್ ಹಾಲ್ ಯಾಕೆ? ಥಿಯೇಟರ್‌ನಲ್ಲಿ ಓಡುವ ಡಿಸಿಪಿ ಫೈಲ್ ಮಾಡಿಸಿಕೊಂಡು ಯಾವುದಾದರೂ ಥಿಯೇಟರಿಗೆ ಬೆಳಗಿನ ಶೋ ಮುಂಚೆ ಹೋಗಿ. ಹತ್ತು ನಿಮಿಷ ಓಡಿಸಿದರೆ ಸೌಂಡ್ ಸರಿ ಇದೆಯಾ, ಸಬ್‌ಟೈಟಲ್ ಕಟ್ ಆಗ್ತಾ ಇದೆಯಾ ಎಲ್ಲ ಗೊತ್ತಾಗುತ್ತೆ.

ಎಡಿಟರ್ (ಬಳ್ಳಾರಿ):
ಅದು ಸಿನಿಮಾ ಮುಗಿದ ಮೇಲಿನ ಟೆಸ್ಟ್ ಸರ್. ಇವರದ್ದು ಇನ್ನೂ ಹಸಿ ಇದೆ. ಆ ಹಂತಕ್ಕೆ ಬಂದಾಗ ನಿಮ್ಮ ಮಾತು ಖಂಡಿತ ಬೇಕಾಗುತ್ತೆ.

ಪ್ರಶ್ನೆ ಕೇಳಿದವನು:
ಬಂದವರಲ್ಲಿ 6 ಜನ ನಮ್ಮ ಯೂನಿಟ್‌ನವರ ಗೆಳೆಯರು. 8 ಜನ ಗೊತ್ತಿಲ್ಲದವರು, ಟ್ಯೂಷನ್ ಮಕ್ಕಳ ಪೋಷಕರು. ಮೊದಲು ಮಾತಾಡಿದ್ದು ಒಬ್ಬ ನಿವೃತ್ತ ಹೆಡ್ ಮಾಸ್ಟರ್. "ಎಲ್ಲಾ ಛಲೋ ಐತಿ, ಪಂಚಾಯ್ತಿ ಒಂದು ಸ್ವಲ್ಪ ಎಳದೀರಿ" ಅಂದರು. ನಾನು ಕೇಳಿದ್ದು "ಹೇಗಿತ್ತು?" ಅಂತ.

ಎಡಿಟರ್ (ಬಳ್ಳಾರಿ):
ನೋಡಿದಿರಾ, ಹೆಡ್ ಮಾಸ್ಟರ್ ಮಾತಾಡಿದ ಮೇಲೆ ಕೊಪ್ಪಳದಲ್ಲಿ ಯಾರು ಬೇರೆ ಮಾತಾಡುತ್ತಾರೆ? ಮತ್ತೆ ಸಿನಿಮಾ ಮಾಡಿದವನೇ ಎದುರು ನಿಂತು "ಹೇಗಿತ್ತು" ಅಂದರೆ "ಛಲೋ ಐತ್ರಿ" ಬಿಟ್ಟು ಬೇರೆ ಉತ್ತರ ಬರಲ್ಲ. ಅಷ್ಟಾದರೂ ಒಂದು ತಪ್ಪು ಹೇಳಿದರಲ್ಲ, ಅದೇ ದೊಡ್ಡದು.

ಈಗ ಒಂದು ಕೆಲಸ ಮಾಡಿ. ಗೊತ್ತಿಲ್ಲದ ಆ 8 ಜನರಲ್ಲಿ ಐದು ಜನರಿಗೆ ಬೇರೆಯವರ ಕೈಯಲ್ಲಿ ಫೋನ್ ಮಾಡಿಸಿ. ಇಷ್ಟ ಆಯ್ತಾ ಅಂತ ಕೇಳಲೇಬಾರದು. "ಸಿನಿಮಾ ನೋಡದ ನಿಮ್ಮ ಮನೆಯವರಿಗೆ ಕಥೆ ಹೇಳೋ ಹಾಗೆ ನನಗೆ ಹೇಳಿ" ಅನ್ನಲಿ, ಅಷ್ಟೇ. ಮಧ್ಯೆ ಬಾಯಿ ಹಾಕಬಾರದು, ತಿದ್ದಬಾರದು. ಅಮ್ಮ ಯಾಕೆ ಸಹಿ ಹಾಕಲ್ಲ ಅನ್ನುವ ಜಾಗ ಬಂದಾಗ ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಲ್ಲೇ ಬರೆದುಕೊಳ್ಳಿ.

ಮೇಷ್ಟ್ರು (ಕುಷ್ಟಗಿ):
ನಾನು ಶಾಲೆಯ ಮಕ್ಕಳಿಗೆ ನಾಟಕ ಬರೆಯುತ್ತೇನೆ. ನಾನೂ ಇಂಥದ್ದರಲ್ಲಿ ಮೋಸ ಹೋಗಿದ್ದೇನೆ. ಊರಿನವರಿಗೆ ರಿಹರ್ಸಲ್ ತೋರಿಸಿದೆ, ಎಲ್ಲರೂ ಹೊಗಳಿದರು. ಶೋ ದಿನ ಪಕ್ಕದೂರಿನವರು ಅರ್ಧಕ್ಕೆ ಎದ್ದರು. ನಮ್ಮೂರಿನವರು ನೋಡಿದ್ದು ನಾಟಕವನ್ನಲ್ಲ, ತಮ್ಮ ಮಕ್ಕಳನ್ನು.

ಪ್ರಶ್ನೆ ಕೇಳಿದವನು (ಮೂರು ದಿನದ ನಂತರ):
ಮೇಡಂ, ತಲೆ ಗಿರ್ ಅಂತಿದೆ. ಐದರಲ್ಲಿ ನಾಲ್ಕು ಜನ "ಅಪ್ಪ ತೀರಿಕೊಂಡಮೇಲೆ ಗದ್ದೆ ಮಕ್ಕಳಿಗೆ ಬಂತು, ಅಮ್ಮ ಸುಮ್ನೆ ಹಟ ಮಾಡ್ತಾಳೆ" ಅಂದರು! ನಮ್ಮ ಕಥೆಯಲ್ಲಿ ಗದ್ದೆ ಅಮ್ಮನ ತವರಿನದು. ಪಹಣಿಯಲ್ಲಿ ಅವಳ ಹೆಸರೊಂದೇ ಇರೋದು. 11ನೇ ನಿಮಿಷದಲ್ಲಿ ಅವಳೇ ಅದನ್ನು ಹೇಳುತ್ತಾಳೆ. ಈಗ ಹೆಡ್‌ಫೋನ್ ತೆಗೆದು ಸ್ಪೀಕರ್‌ನಲ್ಲಿ ಕೇಳಿದೆ. ಲೊಕೇಶನ್ ಸೌಂಡ್, ಹಿಂದೆ ಟ್ರ್ಯಾಕ್ಟರ್. ಮಾತು ಕೇಳಿಸುವುದೇ ಇಲ್ಲ. ನನಗೆ ಡೈಲಾಗ್ ಬಾಯಿಪಾಠ, ಅದಕ್ಕೇ ನನಗೆ ಕೇಳಿಸುತ್ತಿತ್ತು.

ಎಡಿಟರ್ (ಬಳ್ಳಾರಿ):
ಸಿಕ್ಕಿತು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೆನಪು ಮಾಡಿಕೊಳ್ಳಿ. ನೀರು ಬಂದಿಲ್ಲ ಅಂತ ಕೂಗುವವರು ಕೊನೇ ಭಾಗದ ರೈತರು. ಹಾಗಂತ ತೂಬು ಅಲ್ಲಿ ಕೆಟ್ಟಿರಲ್ಲ, ಮೇಲೆಲ್ಲೋ ಪಂಪ್ ಹಾಕಿರುತ್ತಾರೆ. ನಿಮ್ಮ ಜನ 71ನೇ ನಿಮಿಷದಲ್ಲಿ ಕೂಗಿದ್ದಾರೆ, ನೀರು ನಿಂತಿರೋದು 11ನೇ ನಿಮಿಷದಲ್ಲಿ. ಆಸ್ತಿ ಅಮ್ಮನದು ಅಂತ ಗೊತ್ತಿಲ್ಲದವನಿಗೆ ಪಂಚಾಯ್ತಿಯಲ್ಲಿ ಹಿರಿಯರೆಲ್ಲ ಅವಳ ಮುಂದೆ ಯಾಕೆ ಕೈ ಮುಗಿಯುತ್ತಾರೆ ಅಂತ ಅರ್ಥ ಆಗಲ್ಲ. ಅರ್ಥ ಆಗದ ಏಳು ನಿಮಿಷ ಹದಿನೈದರ ಹಾಗೆ ಅನ್ನಿಸುತ್ತದೆ. "ಉದ್ದ ಆಯ್ತು" ಅಂದರೆ ಉದ್ದ ಅಂತಲೇ ಅರ್ಥ ಅಲ್ಲ.

ಸೀನ್ ಕತ್ತರಿಸಿದ್ದರೆ ಉದ್ದದ ದೂರು ಹೋಗುತ್ತಿತ್ತು, ಆದರೆ ಕ್ಲೈಮ್ಯಾಕ್ಸ್ ಅರ್ಥ ಆಗಲಿಲ್ಲ ಅಂತ ಹೊಸ ದೂರು ಬರುತ್ತಿತ್ತು.

ಈಗ 11ನೇ ನಿಮಿಷ ಒಂದನ್ನೇ ಸರಿ ಮಾಡಿ. ಆ ಮಾತನ್ನು ಮತ್ತೆ ರೆಕಾರ್ಡ್ ಮಾಡಿ ಹಾಕಿ, ಮೊಬೈಲ್‌ನಲ್ಲಿ ಮಾಡಿದರೂ ಸದ್ಯಕ್ಕೆ ಸಾಕು. ಮಾತು ಒಂದನ್ನೇ ನಂಬಬೇಡಿ, ಕಣ್ಣಿಗೂ ಏನಾದರೂ ಕಾಣಲಿ. ಬೇರೆ ಏನೂ ಬದಲಿಸಬೇಡಿ. ಎರಡು ಕಡೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಮುಂದಿನ ಸಲ ಪೂರ್ತಿ ಹೊಸ ಜನ ಬೇಕು. ಒಮ್ಮೆ ನೋಡಿದವರಿಗೆ ಈಗ ಫೋನಿನಲ್ಲಿ ಕಥೆ ಕೆದಕಿದ್ದೀರಿ, ಅವರು ಇನ್ನು ಕೆಲಸಕ್ಕೆ ಬರಲ್ಲ.

ಒಂದು ಉಪಾಯ ಹೇಳುತ್ತೇನೆ. ಹಾಲ್ ನಡುವೆ ಒಂದು ಮೊಬೈಲ್ ಇಟ್ಟು ಕೋಣೆಯ ಸದ್ದು ರೆಕಾರ್ಡ್ ಮಾಡಿ. ಬಂದವರಿಗೆ ಮೊದಲೇ ಹೇಳಿಬಿಡಿ. ಸಿನಿಮಾದ ಮೊದಲ ಫ್ರೇಮ್ ಬಂದ ತಕ್ಷಣ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಆ ಆಡಿಯೋವನ್ನು ಟೈಮ್‌ಲೈನ್‌ನಲ್ಲಿ ಹೊಸ ಟ್ರ್ಯಾಕ್ ಆಗಿ ಹಾಕಿ, ಚಪ್ಪಾಳೆಯನ್ನು ಮೊದಲ ಫ್ರೇಮ್‌ಗೆ ಕೂಡಿಸಿ. ನಗು, ಕೆಮ್ಮು, ಕುರ್ಚಿ ಸದ್ದು ಎಲ್ಲ ಯಾವ ಶಾಟ್ ಮೇಲೆ ಬಿತ್ತು ಅಂತ ನೇರವಾಗಿ ಕಾಣುತ್ತದೆ. ನೀವು ಪಕ್ಕದ ಗೋಡೆಗೆ ಒರಗಿ ಕೂತು ಪರದೆ ಬಿಟ್ಟು ಜನರನ್ನೇ ನೋಡಿ. ಮುಗಿದ ಮೇಲೆ ಯಾರೂ ಮಾತಾಡುವ ಮುಂಚೆ ಚೀಟಿ ಕೊಡಿ. ಬರೆಯಲು ಬರದವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಯಾರಾದರೂ ಕೇಳಲಿ. ನೀವಲ್ಲ.

ಪ್ರಶ್ನೆ ಕೇಳಿದವನು (ಎರಡು ವಾರದ ನಂತರ):
ಗಂಗಾವತಿಯಲ್ಲಿ ಪರಿಚಯದವರ ಮನೆ ಮಾಳಿಗೆ ಮೇಲೆ 12 ಹೊಸ ಜನರಿಗೆ ತೋರಿಸಿದೆ. 11ನೇ ನಿಮಿಷಕ್ಕೆ ಅಮ್ಮ ಪಹಣಿ ಮಡಚಿ ಟ್ರಂಕ್‌ನಲ್ಲಿ ಇಡುವ ನಾಲ್ಕು ಸೆಕೆಂಡಿನ ಶಾಟ್ ಹಾಕಿ, ಮಾತನ್ನು ಅದರ ಮೇಲೆ ತಂದೆ. ಪಂಚಾಯ್ತಿ ಮುಟ್ಟಲಿಲ್ಲ. ಚೀಟಿಯಲ್ಲಿ ಉದ್ದ ಅಂತ ಬರೆದವರು ಇಬ್ಬರೇ. ಕಥೆ ಹೇಳಿದಾಗ 10 ಜನ ಗದ್ದೆ ತವರಿನದು ಅಂದರು.

ಮದುವೆ ವಿಡಿಯೋ ಎಡಿಟರ್ (ಸಿಂಧನೂರು):
ಒಂದು ಅನುಮಾನ. ಗಂಗಾವತಿಯವರು ಗದ್ದೆ, ಪಹಣಿ ಅಂತಲೇ ಬದುಕುವವರು. ಮೊದಲನೇ ಸಲ ಬಂದವರು ಪೇಟೆ ಮಂದಿ. ಸರಿಹೋಗಿದ್ದು ಶಾಟ್‌ನಿಂದಾನಾ, ಜನರಿಂದಾನಾ?

ಎಡಿಟರ್ (ಬಳ್ಳಾರಿ):
ಒಳ್ಳೆ ಪ್ರಶ್ನೆ. ನಾನು ಅದನ್ನು ಮೊದಲೇ ಹೇಳಬೇಕಿತ್ತು. ತವರಿನ ಗದ್ದೆ ಅಂತ 10 ಜನ ಹೇಳಿದ್ದು ಶಾಟ್‌ನಿಂದಲೇ. ಅದು ಊಹೆ ಮಾಡಿ ಹೇಳುವ ಮಾತಲ್ಲ. ಉದ್ದದ ದೂರು ಕಡಿಮೆ ಆಗಿದ್ದಕ್ಕೆ ಮಾತ್ರ ಅಷ್ಟು ಖಾತ್ರಿ ಕೊಡಲಾರೆ. ಪೇಟೆಯವರಿಗೆ ಇನ್ನೊಮ್ಮೆ ತೋರಿಸಬೇಕು.

ಕೋಣೆ ಆಡಿಯೋ ಕೇಳಿದಿರಾ? ಅಮ್ಮನ ಅಳುವಿನ ಹತ್ತಿರ ಏನಿದೆ?

ಪ್ರಶ್ನೆ ಕೇಳಿದವನು:
ಪಂಚಾಯ್ತಿಯಲ್ಲಿ ಹಿರಿಯರು ಒಬ್ಬೊಬ್ಬರಾಗಿ ಬಂದು ಕೂರುವ ಮೊದಲ ಐವತ್ತು ಸೆಕೆಂಡ್ ತುಂಬಾ ಕುರ್ಚಿ ಸದ್ದು. ಜಗಳ ಶುರುವಾದ ಮೇಲೆ ಪಿನ್ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಅಳುವ ಕಡೆ ಈ ಸಲವೂ ಇಬ್ಬರು ನಕ್ಕರು. ಅಳು ಶುರುವಾಗುವ ಮುಂಚೆ, ಅವಳು ಸೆರಗಿನಿಂದ ಮೂಗು ಒರೆಸುವಾಗಲೇ.

ಎಡಿಟರ್ (ಬಳ್ಳಾರಿ):
ಹಾಗಾದರೆ ಈಗ ಕತ್ತರಿ ಹಾಕಿ, ಆ ಐವತ್ತು ಸೆಕೆಂಡಿಗೆ ಮಾತ್ರ. ಹಿರಿಯರು ಆಗಲೇ ಕೂತಿರಲಿ. ನಗುವಿಗೆ, ಅದರ ಹಿಂದಿನ ಸೀನ್ ಯಾವುದು?

ಪ್ರಶ್ನೆ ಕೇಳಿದವನು:
ಬ್ರೋಕರ್ ಬೈಕ್ ಸ್ಟಾರ್ಟ್ ಆಗದೆ ಒದ್ದಾಡುವ ಕಾಮಿಡಿ.

ಎಡಿಟರ್ (ಬಳ್ಳಾರಿ):
ಅದರ ನಗು ಇನ್ನೂ ಬಾಯಲ್ಲೇ ಇರಬಹುದು. ನಡುವೆ ಖಾಲಿ ಗದ್ದೆಯ ಶಾಟ್ ಐದಾರು ಸೆಕೆಂಡ್ ಇಟ್ಟು ನೋಡಿ. ಆಗಲೂ ನಕ್ಕರೆ ಟೇಕ್ ಬದಲಿಸಿ ನೋಡಬೇಕು.

ಮೇಷ್ಟ್ರು (ಕುಷ್ಟಗಿ):
ನಗಲಿ ಬಿಡಿ ಮೇಡಂ. ನಮ್ಮ ಗಂಡಸರು ಎದುರಿಗೆ ಹೆಂಗಸು ಅತ್ತರೆ ಮುಜುಗರಕ್ಕೆ ನಗುತ್ತಾರೆ. ಸಾವಿನ ಮನೆಯಲ್ಲೂ ನೋಡಿದ್ದೇನೆ. ಅದು ಸೀನ್ ಮುಟ್ಟಿತು ಅಂತಲೇ ಗುರುತು.

ಎಡಿಟರ್ (ಬಳ್ಳಾರಿ):
ಇರಬಹುದು ಮೇಷ್ಟ್ರೇ. ಮುಜುಗರದ ನಗು ಸಾಮಾನ್ಯವಾಗಿ ಅಳು ಜೋರಾದ ಮೇಲೆ ಬರುತ್ತದೆ, ಇದು ಮುಂಚೆಯೇ ಬಂದಿದೆ. ಅದಕ್ಕೇ ನನಗೆ ಬ್ರೋಕರ್ ಮೇಲೆ ಗುಮಾನಿ. ಆದರೂ ಪಂದ್ಯ ಕಟ್ಟಲ್ಲ.

ಪ್ರಶ್ನೆ ಕೇಳಿದವನು:
ಮುಂದಿನದು ರಾಯಚೂರಿನಲ್ಲಿ, ಪೇಟೆ ಜನಕ್ಕೇ. ಈ ಸಲ ಪ್ಲಾಸ್ಟಿಕ್ ಕುರ್ಚಿ ಬೇಡ, ಜಮಖಾನ ಹಾಸೋಣ ಅಂತ. ಕರಕರ ಸದ್ದು ರೆಕಾರ್ಡಿಂಗ್ ಎಲ್ಲ ಹಾಳು ಮಾಡುತ್ತೆ.

ಎಡಿಟರ್ (ಬಳ್ಳಾರಿ):
ಅಯ್ಯೋ, ಪ್ಲಾಸ್ಟಿಕ್ ಕುರ್ಚಿಯೇ ಇರಲಿ ಮಾರಾಯರೇ. ಅದು ಕರಕರ ಅಂದಿದ್ದಕ್ಕೆ ತಾನೇ ಆ ಐವತ್ತು ಸೆಕೆಂಡ್ ಸಿಕ್ಕಿದ್ದು.