ಅಪ್‌ಡೇಟ್: ಮುಖ ಬದಲಿಸಿದ ಚಿತ್ರವನ್ನು ತೆಗೆದುಹಾಕಿದರು

ನಾನು ಕೇಳಿದ್ದು: ಬೇರೊಬ್ಬರ ದೇಹಕ್ಕೆ ನನ್ನ ಮುಖ ಅಂಟಿಸಿದ ಚಿತ್ರ ಹರಿದಾಡುತ್ತಿದೆ. ರಿಪೋರ್ಟ್ ಒತ್ತಿದರೂ ತೆಗೆದಿಲ್ಲ. ದೂರು ಪತ್ರ ಹೇಗೆ ಬರೆಯಲಿ?

ಕೊನೆಗೂ ಚಿತ್ರ ಹೋಯಿತು. ಮೊದಲ ಪತ್ರದಲ್ಲಿ ಖಾತೆಯ ಲಿಂಕ್ ಮಾತ್ರ ಕೊಟ್ಟಿದ್ದೆ. ಯಾವ ಪೋಸ್ಟ್ ಎಂದು ತಿಳಿಯದೆ ತಿರಸ್ಕರಿಸಿದರು. ಎರಡನೆಯದನ್ನು ಜಾಲತಾಣದ ಕುಂದುಕೊರತೆ ಅಧಿಕಾರಿಗೇ ಬರೆದೆ. ಮರುಹಂಚಿಕೆಯಾದ ಒಂದೊಂದು ಪ್ರತಿಯ ಲಿಂಕನ್ನೂ ಬೇರೆ ಬೇರೆಯಾಗಿ ಕೊಟ್ಟು, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೆಗೆಸಿಕೊಂಡ ಮೂಲ ಫೋಟೊ ಲಗತ್ತಿಸಿದೆ. ಅದೇ ನಗು, ಕೆನ್ನೆಯ ಮೇಲೆ ಅದೇ ನೆರಳು! ನೋಡುವಾಗ ಕೈ ನಡುಗುತ್ತಿತ್ತು.

ಮುಖ ನನ್ನದು, ದೇಹ ನನ್ನದಲ್ಲ, ಒಪ್ಪಿಗೆ ಕೊಟ್ಟಿಲ್ಲ ಎಂದು ಬರೆದು, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 3(2)(ಬಿ)ಯನ್ನು ಉಲ್ಲೇಖಿಸಿದೆ. ಕೃತಕವಾಗಿ ತಿರುಚಿದ ಚಿತ್ರಗಳು ಅದರ ವ್ಯಾಪ್ತಿಗೆ ಬರುತ್ತವೆ. ಸ್ಕ್ರೀನ್‌ಶಾಟ್‌ಗಳನ್ನು ಮೊದಲೇ ಉಳಿಸಿಕೊಂಡಿದ್ದೆ. ಅವುಗಳೊಂದಿಗೆ cybercrime.gov.in ತಾಣದಲ್ಲಿಯೂ ದೂರು ದಾಖಲಿಸಿದ್ದೇನೆ.