ತೊಗರಿ ಧಾರಣೆ ತೋರಿಸುವ ತಾಣಗಳಲ್ಲಿ ಯಾವುದನ್ನು ನಂಬುವುದು?

ಚಿಂಚೋಳಿಯ ರೈತ: ಕಲಬುರಗಿ ಗಂಜಿನ ತೊಗರಿಗೆ ಒಂದೇ ದಿನ ಮೂರು ತಾಣಗಳಲ್ಲಿ ಮೂರು ಧಾರಣೆ ಕಾಣುತ್ತದೆ. ಗಾಡಿ ತುಂಬುವ ಮೊದಲು ಯಾವುದನ್ನು ನಂಬಬೇಕು? ಮಳೆಯ ಮುನ್ಸೂಚನೆಗೂ ಅದೇ ಪ್ರಶ್ನೆ. ಅನುಭವಿಗಳು ತಿಳಿಸಿರಿ.

ಅಡತ್ ಅಂಗಡಿಯ ಲೆಕ್ಕಿಗ, ಕಲಬುರಗಿ: ಅಂಕಿಯ ಮೂಲ ಸಾಮಾನ್ಯವಾಗಿ ಮಾರುಕಟ್ಟೆ ಸಮಿತಿಯ ನಮೂದೇ ಆಗಿರುತ್ತದೆ. ಅದು ಸರ್ಕಾರಿ ತಾಣಗಳಾದ ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತದೆ, ಎಷ್ಟೋ ಖಾಸಗಿ ತಾಣಗಳು ಅದನ್ನೇ ಎತ್ತಿಕೊಂಡು ಮೇಲೆ ‘ಇಂದಿನ ಬೆಲೆ’ ಎಂದು ಬರೆಯುತ್ತವೆ. ಪರೀಕ್ಷಿಸುವುದು ಸುಲಭ. ಖಾಸಗಿ ತಾಣದಲ್ಲಿ ಕನಿಷ್ಠ 6,200, ಗರಿಷ್ಠ 7,400, ಮಾದರಿ 6,900 ಎಂದಿದೆ ಎನ್ನೋಣ. ಅಗ್‌ಮಾರ್ಕ್‌ನೆಟ್‌ನಲ್ಲಿ ಕಲಬುರಗಿಯ ಹಿಂದಿನ ಮೂರು ನಾಲ್ಕು ದಿನಗಳನ್ನು ತೆಗೆದು ನೋಡಿರಿ. ಈ ಮೂರೂ ಅಂಕಿಗಳು ಮೊನ್ನೆಯ ಸಾಲಿನಲ್ಲಿ ಹಾಗೆಯೇ ಸಿಕ್ಕರೆ ನಿಮಗೆ ಇಂದಿನದೆಂದು ತೋರಿಸಿದ್ದು ಮೊನ್ನೆಯ ಧಾರಣೆ. ಗಂಜಿಗೆ ರಜೆಯಿದ್ದ ದಿನವೂ ‘ಇಂದಿನ ಬೆಲೆ’ ಕಂಡರೆ ಇಷ್ಟೂ ಬೇಕಾಗಿಲ್ಲ. ಆವಕವನ್ನೂ ನೋಡಿರಿ, ಹತ್ತು ಹನ್ನೆರಡು ಕ್ವಿಂಟಲ್ ಮಾತ್ರ ಬಂದ ದಿನದ ಗರಿಷ್ಠ ಬೆಲೆ ಒಬ್ಬರ ಒಳ್ಳೆಯ ಮಾಲಿನದಾಗಿರಬಹುದು.

ಆಳಂದದ ರೈತ: ಸರ್ಕಾರಿ ತಾಣದಲ್ಲಿ ಧಾರಣೆ ಬರುವಷ್ಟರಲ್ಲಿ ಟೆಂಡರ್ ಮುಗಿದಿರುತ್ತದೆ. ನಮ್ಮ ದಲಾಲರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಧಾರಣೆಯೇ ನಿಜವಾದದ್ದು.

ಅಡತ್ ಅಂಗಡಿಯ ಲೆಕ್ಕಿಗ: ತಡವಾಗುತ್ತದೆ ಎಂಬ ಮಾತು ನಿಜ, ಅಣ್ಣಾವ್ರೆ. ಆದರೆ ಗ್ರೂಪಿಗೆ ಬರುವುದು ಬಹುಮಟ್ಟಿಗೆ ಆ ದಿನದ ಅತಿ ಹೆಚ್ಚಿನ ಧಾರಣೆ, ಗಿರಾಕಿಯನ್ನು ಕರೆಯಲು ಹಾಕಿದ್ದು. ತೇವವಿರುವ, ಕಸವಿರುವ ಮಾಲಿಗೆ ಅದು ಸಿಗುವುದಿಲ್ಲ. ಮಾದರಿ ಬೆಲೆ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಿಮ್ಮ ಮಾಲು ಸಾಧಾರಣವಾಗಿದ್ದರೆ ಲೆಕ್ಕ ಹಾಕಬೇಕಾದುದು ಅದರ ಮೇಲೆಯೇ.

ಶಹಾಪುರದ ರೈತ: ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ನೋಂದಣಿ ಯಾವ ತಾಣದಲ್ಲಿ? ನನ್ನ ಪಹಣಿಯಲ್ಲಿ ತೊಗರಿಯ ಬದಲು ಹತ್ತಿ ನಮೂದಾಗಿದೆ.

ಚಿಂಚೋಳಿಯ ರೈತ: ಕಾಕಾ, ಅದು ಬೇರೆ ವಿಷಯ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ನಮಗೆ ತಾಂಡೂರು ಗಂಜ್ ಕೂಡ ಹತ್ತಿರವೇ. ಅಲ್ಲಿನ ಧಾರಣೆ ಕೃಷಿ ಮಾರಾಟ ವಾಹಿನಿಯಲ್ಲಿ ಕಾಣುವುದಿಲ್ಲವಲ್ಲ?

ಔರಾದದ ರೈತ ಮಹಿಳೆ: ಅದು ಕರ್ನಾಟಕದ ಮಾರುಕಟ್ಟೆಗಳಿಗಷ್ಟೇ. ನಾವು ಸೋಯಾ ಒಯ್ಯುವ ಉದಗೀರಕ್ಕೂ ನಿಮ್ಮ ತಾಂಡೂರಿಗೂ ಅಗ್‌ಮಾರ್ಕ್‌ನೆಟ್‌ನಲ್ಲಿ ರಾಜ್ಯ ಬದಲಿಸಿ ನೋಡಬೇಕು. ಮಳೆಯ ವಿಷಯದಲ್ಲಿ ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ, ಐದು ದಿನಗಳ ಮುನ್ಸೂಚನೆ ಇರುತ್ತದೆ. ಹಾಗಾಗಿ ಸೋಮವಾರ ಓದುವುದು ಶುಕ್ರವಾರದ ಅಂದಾಜನ್ನೇ. ಊರಿನ ಹೆಸರು ಹಾಕಿದರೆ ಗಂಟೆಗಂಟೆಯ ಮಳೆ ಹೇಳುವ ಆ್ಯಪ್‌ಗಳಲ್ಲಿ ಪಕ್ಕದ ನಾಲ್ಕು ಊರುಗಳ ಹೆಸರನ್ನೂ ಹಾಕಿ ನೋಡಿರಿ. ಎಲ್ಲದಕ್ಕೂ ಅದೇ ಅಂಕಿ ಬಂದರೆ ಊರಿನ ಲೆಕ್ಕ ಬೇರೆಯಾಗಿ ಇಲ್ಲವೆಂದೇ ತಿಳಿಯಬೇಕು. ನಾನು ಕಣದಲ್ಲಿ ರಾಶಿ ಹಾಕುವ ಮೊದಲು ಇಲಾಖೆಯದನ್ನೇ ನೋಡುತ್ತೇನೆ.

ಆಳಂದದ ರೈತ: ಡಿಸೆಂಬರಿನ ರಾಶಿಗೆ ಅದು ಸಾಕು, ತಂಗಿ. ಮುಂಗಾರಿನ ಸಿಡಿಲು ಮಳೆ ಒಂದು ಹೊಲಕ್ಕೆ ಬಂದು ಪಕ್ಕದ ಹೊಲವನ್ನು ಬಿಟ್ಟು ಹೋಗುತ್ತದೆ, ಅದನ್ನು ಜಿಲ್ಲೆಗೊಂದು ಹೇಳುವ ಮುನ್ಸೂಚನೆಯಿಂದ ತಿಳಿಯುವುದು ಹೇಗೆ?

ಔರಾದದ ರೈತ ಮಹಿಳೆ: ಅದಕ್ಕೆ ನನ್ನಲ್ಲಿಯೂ ಉತ್ತರವಿಲ್ಲ, ಅಣ್ಣಾ. ಬಿದ್ದ ಮಳೆಯನ್ನಾದರೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ದಾಖಲಿಸುತ್ತವೆ. ಯಾವ ಮುನ್ಸೂಚನೆ ನಮ್ಮ ಕಡೆ ಎಷ್ಟು ಸಲ ತಪ್ಪಿತೆಂದು ಅದರ ಪಕ್ಕದಲ್ಲಿಟ್ಟು ನೋಡಬಹುದು.