ಹದಿನೈದು ಹೋಗಿ ಐದಾದ ತಾರೀಕು

"ದೊಡ್ಡಪ್ಪ, ಒಂದು ವಾರದಿಂದ ಇಂಟರ್ನೆಟ್ ಕರೆ ಮಾಡಿದಾಗಲೆಲ್ಲ ಅಮ್ಮನ ದನಿ ತುಂಡು ತುಂಡಾಗಿ, ರೋಬೋಟ್ ಮಾತನಾಡಿದಂತೆ ಕೇಳುತ್ತದೆ. ನನ್ನ ಮಾತು ಅವಳಿಗೆ ಸರಿಯಾಗಿಯೇ ಕೇಳುತ್ತದೆಯಂತೆ. ಫೋನ್ ಹಾಳಾಗಿದೆಯೇ? ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ? ಭಯವಾಗುತ್ತಿದೆ."

ಪುಟ್ಟಿ, ಮೊದಲು ಭಯ ಬಿಡು. ಕದ್ದು ಕೇಳುವವನು ದನಿಯ ಪ್ರತಿ ತೆಗೆದುಕೊಂಡು ಹೋಗುತ್ತಾನೆ, ಅದನ್ನು ಒಡೆದು ಹಾಕುವುದಿಲ್ಲ. ದನಿ ಒಡೆಯುವುದು ದಾರಿಯಲ್ಲಿ. ಆದರೆ ಈ ಗುಂಪಿನಲ್ಲಿರುವ ನಮ್ಮ ಮನೆಯವರೆಲ್ಲರೂ ಒಂದು ಮಾತು ಕೇಳಿಸಿಕೊಳ್ಳಿ: ತಾರೀಕು, ಹಣದ ಲೆಕ್ಕ, ಮಾತ್ರೆಯ ಪ್ರಮಾಣ, ಈ ಮೂರನ್ನು ಇಂತಹ ಕರೆಯಲ್ಲಿ ಕೇಳಿದಷ್ಟಕ್ಕೇ ನಂಬಬೇಡಿ. ಬರೆದು ಕಳುಹಿಸಲು ಹೇಳಿ.

ಫ್ರಾಂಕ್‌ಫರ್ಟ್‌ನಲ್ಲಿರುವ ನಮ್ಮ ಹುಡುಗನ ಕಥೆ ನಿಮಗೆಲ್ಲ ಗೊತ್ತು, ಕಾರಣ ಮಾತ್ರ ಯಾರಿಗೂ ಗೊತ್ತಿಲ್ಲ. ಅವನು ಕರೆ ಮಾಡಿ "ನಾನು ಬರುವುದು ಹದಿನೈದನೇ ತಾರೀಕು" ಎಂದ. ಈ ಕಡೆ ಸಾಗರದಲ್ಲಿ ಕೇಳಿದ್ದು "ನಾನು ಬರುವುದೂಊಊ... ಐದನೇ ತಾರೀಕು". ಕರೆ ತೆಗೆದುಕೊಂಡಿದ್ದು ನಿಮ್ಮ ಚಿಕ್ಕಪ್ಪ. ಹುಡುಗ ಏನೋ ಯೋಚಿಸಿ ಹೇಳಿದ ಎಂದುಕೊಂಡರಂತೆ. ಐದನೇ ತಾರೀಕಿಗೆ ಸಾಗರದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಹೋಯಿತು. ಹಾರ, ಚಕ್ಕುಲಿ ಡಬ್ಬಿ, ಮೂರು ಮಕ್ಕಳು, ಎಲ್ಲ ಹೋದರು. ರಾತ್ರಿಯೆಲ್ಲ ಕಾದು ಬರಿಗೈಯಲ್ಲಿ ಬಂದರು.

ನಡೆದದ್ದು ಇಷ್ಟು. ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದಲ್ಲಿ ಒಂದು ಕರೆ ಕೂಡಿಸಿದರೆ ಮುಗಿಯುವವರೆಗೂ ಆ ದಾರಿ ಆ ಇಬ್ಬರಿಗೇ ಮೀಸಲು. ಇಂಟರ್ನೆಟ್ ಕರೆಯಲ್ಲಿ ಹಾಗಿಲ್ಲ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುತ್ತಾರೆ, ಅಂದರೆ ಸೆಕೆಂಡಿಗೆ 50 ಚೂರು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಚ್ಚಿ ಪ್ಯಾಕೆಟ್ ಮಾಡಿ ಬಿಡುತ್ತಾರೆ. ಅವು ಬೇರೆಯವರ ವಿಡಿಯೊ, ಫೋಟೊಗಳ ಜೊತೆ ಒಂದೇ ರಸ್ತೆಯಲ್ಲಿ ಓಡುತ್ತವೆ. ಕೆಲವು ತಲುಪುವುದೇ ಇಲ್ಲ, ಅದು ಪ್ಯಾಕೆಟ್ ಲಾಸ್. ಕೆಲವು ಬೇಗ, ಕೆಲವು ತಡವಾಗಿ ಬರುತ್ತವೆ, ಆ ಏರುಪೇರು ಜಿಟರ್.

ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವುದನ್ನು ನೆನೆಸಿಕೊಳ್ಳಿ. ಒಳಗೆ ಬೇಯಿಸುವವರು ಒಂದೇ ಲಯದಲ್ಲಿ ಬೇಯಿಸಿದರೂ ತರುವ ಹುಡುಗ ಒಮ್ಮೆ ಓಡುತ್ತಾನೆ, ಒಮ್ಮೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ. ಜಾಣ ಬಡಿಸುವವನು ತಟ್ಟೆಯಲ್ಲಿ ನಾಲ್ಕು ಕೂಡಿದ ಮೇಲೆಯೇ ಶುರು ಮಾಡುತ್ತಾನೆ. ಕೇಳುವವರ ಫೋನಿನಲ್ಲಿರುವ ಜಿಟರ್ ಬಫರ್ ಮಾಡುವುದೂ ಇದನ್ನೇ: ಕೆಲವು ಚೂರುಗಳನ್ನು ಕೂಡಿಟ್ಟುಕೊಂಡು, ಕ್ರಮಕ್ಕೆ ತಂದು, ಸಮವಾಗಿ ನುಡಿಸುತ್ತದೆ. ನಾಲ್ಕು ಚೂರು ಎಂದರೆ 80 ಮಿಲಿಸೆಕೆಂಡು. ನಾಲ್ಕರ ಬದಲು ನೂರು ಕೂಡಿಡಬಾರದೇ ಎಂದು ಕೇಳಬೇಡಿ. ಎರಡು ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸಿ ಜಗಳವಾಗುತ್ತದೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡು ಮೀರದಿದ್ದರೆ ಮಾತುಕತೆ ಸಲೀಸು ಎಂದು ನಮ್ಮ ಟೆಲಿಫೋನ್ ಜಗತ್ತಿನ ಲೆಕ್ಕ. ಸಿನಿಮಾ ಆದರೆ ಮೊದಲೇ ತಯಾರಾಗಿದೆ, ಅರ್ಧ ನಿಮಿಷದಷ್ಟು ಮುಂಚಿತವಾಗಿ ತರಿಸಿಡಬಹುದು. ಅದಕ್ಕೇ ಸಿನಿಮಾ ಚೆನ್ನಾಗಿ ಓಡುವ ಮನೆಯಲ್ಲೂ ಕರೆ ಕೆಡುತ್ತದೆ. ಇನ್ನೂ ಆಡದ ಮಾತನ್ನು ತರಿಸಿಡುವುದು ಹೇಗೆ? ಕಳೆದ ಚೂರನ್ನು ಮತ್ತೆ ಕಳುಹಿಸಿದರೂ ಬರುವಷ್ಟರಲ್ಲಿ ಅದರ ಸರದಿ ಸಾಮಾನ್ಯವಾಗಿ ದಾಟಿರುತ್ತದೆ. ಉಂಡವರು ಎದ್ದ ಮೇಲೆ ಹೋಳಿಗೆ ಬಂದಂತೆ.

ಹಾಗಾದರೆ ಖಾಲಿ ಜಾಗಕ್ಕೆ ಏನು ಹಾಕುವುದು? ಫೋನ್ ಊಹೆ ಮಾಡುತ್ತದೆ. ಕೊನೆಗೆ ಬಂದ ದನಿಯ ಒಂದು ಅಲೆಯನ್ನೇ ಮತ್ತೆ ಮತ್ತೆ ನುಡಿಸಿ ಎಳೆಯುತ್ತದೆ. ಒಂದು ಚೂರು ಹೋದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಸಾಲಾಗಿ ನಾಲ್ಕೈದು ಹೋದರೆ ಒಂದೇ ಅಲೆ ಅಚ್ಚೊತ್ತಿದಂತೆ ಬರುತ್ತದೆ. ಮನುಷ್ಯನ ಗಂಟಲಿನಲ್ಲಿ ಇರುವ ಸಣ್ಣ ಏರಿಳಿತ ಅದರಲ್ಲಿ ಇರುವುದಿಲ್ಲ, ಅದೇ ನಿನ್ನ ರೋಬೋಟ್. ಇನ್ನೂ ಹೆಚ್ಚು ಹೋದರೆ ಊಹೆ ಮಾಡುವ ಧೈರ್ಯ ಸಾಲದೆ ಮೆಲ್ಲಗೆ ಮೌನಕ್ಕೆ ಇಳಿಸುತ್ತದೆ, ಅದು ತುಂಡು ತುಂಡು. "ಹದಿನ್" ಎನ್ನಲು ಸುಮಾರು 200 ಮಿಲಿಸೆಕೆಂಡು ಬೇಕು ಎಂದುಕೊಂಡರೆ ಹತ್ತು ಚೂರು. ಸಾಲಾಗಿ ಆ ಹತ್ತು ಹೋದವು. ಹಿಂದಿನ "ಬರುವುದು" ಎಂಬುದರ ಉಕಾರವನ್ನು ಫೋನ್ ಎಳೆಯಿತು. ಉಳಿದದ್ದು "ಐದನೇ". ಅಷ್ಟಕ್ಕೇ ಕಾರು ಹೊರಟಿತು! ಅದಕ್ಕೇ ಮತ್ತೆ ಹೇಳುತ್ತೇನೆ: ತಾರೀಕು, ಹಣ, ಮಾತ್ರೆ, ಮೂರನ್ನೂ ಬರೆಯಿಸಿಕೊಳ್ಳಿ.

ಆ ಕಾರಿನ ಬಾಡಿಗೆಯನ್ನು ಕೊಟ್ಟವನು ನಾನು. "ಆಮೇಲೆ ಲೆಕ್ಕ ಮಾಡೋಣ" ಎಂದವರು ಈ ಗುಂಪಿನಲ್ಲೇ ಇದ್ದಾರೆ, ದಿನವೂ ಶುಭೋದಯದ ಹೂವು ಕಳುಹಿಸುತ್ತಾರೆ, ಲೆಕ್ಕ ಮಾತ್ರ ಬರುವುದಿಲ್ಲ. ಅದೂ ಹೋಗಲಿ. ಊರಿನ ಮನೆಯ ಲ್ಯಾಂಡ್‌ಲೈನ್ ತೆಗೆಸುವಾಗ ಜೀವಮಾನವಿಡೀ ಆ ಇಲಾಖೆಯಲ್ಲಿ ದುಡಿದ ನನ್ನನ್ನು ಒಂದು ಮಾತು ಕೇಳಲಿಲ್ಲ. ಕರೆಂಟು ಹೋದರೂ ಮಾತನಾಡುತ್ತಿದ್ದ ಫೋನು ಅದು. ಈಗ ಅದರ ಗೂಡಿನಲ್ಲಿ ಅಗರಬತ್ತಿ ಪೊಟ್ಟಣ ಇಟ್ಟಿದ್ದಾರೆ.

ಇರಲಿ. ನಿನ್ನ ಪ್ರಶ್ನೆಗೆ ಬರುತ್ತೇನೆ, ಪುಟ್ಟಿ. ನಿನ್ನ ಮಾತು ಅಲ್ಲಿ ಸರಿಯಾಗಿದೆ, ಅಮ್ಮನ ಮಾತು ಮಾತ್ರ ಕೆಡುತ್ತದೆ ಎಂದೆಯಲ್ಲ, ಹಾಗಾದರೆ ಹೆಚ್ಚಾಗಿ ತೊಂದರೆ ಅಮ್ಮನ ಮನೆಯಿಂದ ಹೊರಗೆ ಹೋಗುವ ದಾರಿಯಲ್ಲಿದೆ. ಫ್ರಾಂಕ್‌ಫರ್ಟ್‌ನವನದೂ ಅದೇ ಆಗಿತ್ತು. ಮಾತನಾಡುವ ಹೊತ್ತಿಗೇ ಅವನ ಕಂಪ್ಯೂಟರ್ ಮದುವೆಯ ವಿಡಿಯೊ ಅಪ್‌ಲೋಡ್ ಮಾಡುತ್ತಿತ್ತು. ಮಾತಿಗೆ ಬೇಕಾದದ್ದು ಸೆಕೆಂಡಿಗೆ ಹತ್ತಾರು ಕಿಲೋಬಿಟ್ ಮಾತ್ರ, ಆದರೆ ರೂಟರ್‌ನ ಸರತಿಯಲ್ಲಿ ವಿಡಿಯೊ ಪ್ಯಾಕೆಟ್‌ಗಳ ಹಿಂದೆ ನಿಲ್ಲಬೇಕು. ಅಪ್‌ಲೋಡ್ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದು, ಮುಂದೆ 250 ಕಿಲೋಬೈಟ್, ಅಂದರೆ 2 ಮೆಗಾಬಿಟ್ ನಿಂತಿದ್ದರೆ ಸರದಿ ಬರಲು ಒಂದು ಸೆಕೆಂಡು ಬೇಕು. ಸರತಿ ತುಂಬಿ ತುಳುಕಿದರೆ ಆಮೇಲೆ ಬಂದವು ಸಾಲಾಗಿ ಬಿದ್ದುಹೋಗುತ್ತವೆ.

ನಾನು ಅವನಿಂದ ಪಿಂಗ್ ಮಾಡಿಸಿ ನೋಡಿದೆ, ಅಂದರೆ ಒಂದು ಸಣ್ಣ ಪ್ಯಾಕೆಟ್ ಕಳುಹಿಸಿ ಅದಕ್ಕೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಅಳೆಯುವುದು. ವಿಡಿಯೊ ನಿಲ್ಲಿಸಿದಾಗ ಉತ್ತರ 20–25 ಮಿಲಿಸೆಕೆಂಡಿಗೆ ಬರುತ್ತಿತ್ತು. ಶುರು ಮಾಡಿಸಿದರೆ 300, ಮರುಕ್ಷಣ 900, ನಡುನಡುವೆ Request timed out, ಅಂದರೆ ಉತ್ತರವೇ ಇಲ್ಲ. ಹೆಚ್ಚು ಡೌನ್‌ಲೋಡ್ ವೇಗದ ಪ್ಲ್ಯಾನ್ ಹಾಕಿಸಿದ್ದರೂ ಇದಕ್ಕೆ ಏನೂ ಆಗುತ್ತಿರಲಿಲ್ಲ.

ಅಮ್ಮನ ಫೋನಿನಲ್ಲಿ ಫೋಟೊ ಬ್ಯಾಕಪ್ ಓಡುತ್ತಿದೆಯೇ ನೋಡಿ, ಕರೆಯ ಹೊತ್ತಿಗೆ ನಿಲ್ಲಿಸಿ. ಅದೇ ಮನೆಯ ಬೇರೆ ಫೋನು, ಲ್ಯಾಪ್‌ಟಾಪ್‌ಗಳನ್ನೂ ನೋಡಿ. ವಿಡಿಯೊ ಕರೆಯಾದರೆ ಕ್ಯಾಮೆರಾ ಮುಚ್ಚಲಿ. ಅದರಿಂದ ಸರಿಹೋಗದಿದ್ದರೆ ಚಿಕ್ಕಪ್ಪನ ಮಗ ಅವನ ವಿಂಡೋಸ್ ಲ್ಯಾಪ್‌ಟಾಪ್ ತಂದು, ಅಮ್ಮ ಕುಳಿತು ಮಾತನಾಡುವ ಜಾಗದಲ್ಲೇ ಇಟ್ಟು, Command Prompt ತೆರೆದು ಇವೆರಡನ್ನೂ ಹಾಕಲಿ:

```
ping -n 50 192.168.1.1
ping -n 50 8.8.8.8
```

ಮೊದಲನೆಯದು ರೂಟರ್‌ನ ವಿಳಾಸ. ಕೆಲವು ಮನೆಗಳಲ್ಲಿ ಬೇರೆ ಇರುತ್ತದೆ, ಸಾಮಾನ್ಯವಾಗಿ ರೂಟರ್‌ನ ಬೆನ್ನಿಗೆ ಬರೆದಿರುತ್ತದೆ. ಎರಡನೆಯದು ಮನೆಯಾಚೆ ಇರುವ ಗೂಗಲ್‌ನ ಸರ್ವರ್‌ನ ವಿಳಾಸ. ಮೊದಲನೆಯದರಲ್ಲೇ ಸಂಖ್ಯೆಗಳು ಕುಣಿದರೆ ತಪ್ಪು ಮನೆಯೊಳಗಿನ ವೈ-ಫೈಯದು. ಗೋಡೆ, ದೂರ, ಅಡುಗೆಮನೆಯ ಮೈಕ್ರೋವೇವ್ ಯಾವುದೂ ಆಗಬಹುದು, ಹಜಾರಕ್ಕೆ ಬಂದು ಮಾತನಾಡಲಿ. ಮೊದಲನೆಯದು ಸಮವಾಗಿದ್ದು ಎರಡನೆಯದು ಕುಣಿದರೆ ತಪ್ಪು ರೂಟರ್‌ನಿಂದ ಆಚೆಗೆ. ಮನೆಯಲ್ಲಿ ಯಾವ ಅಪ್‌ಲೋಡೂ ಇಲ್ಲದೆ ಹಾಗಾದರೆ ಸಂಪರ್ಕ ಕೊಟ್ಟವನಿಗೆ ಆ ಪರದೆಯನ್ನೇ ತೋರಿಸಿ ದೂರು ಕೊಡಿ. "ನಿಧಾನವಾಗಿದೆ" ಎಂದಷ್ಟೇ ಹೇಳಿದರೆ ಅವನು ಡೌನ್‌ಲೋಡ್ ವೇಗ ಅಳೆದು "ಎಲ್ಲ ಸರಿಯಾಗಿದೆ" ಎಂದು ಹೊರಟುಹೋಗುತ್ತಾನೆ. ಎರಡೂ ಪರದೆಯ ಚಿತ್ರ ನನಗೆ ಕಳುಹಿಸು, ಸಂಜೆ ನೋಡುತ್ತೇನೆ.